ಚಾಕಣದ ಎರಡು ಗುಂಟೆ: ಅಡಿಯಲ್ಲಿ ಅಳೆದ ಜಾಗ, ಗುಂಟೆಯಲ್ಲಿ ಹೇಳಿದ ದರ

ಪುಣೆಯಲ್ಲಿ ವಾಸ್ತುಶಿಲ್ಪಿಗಳ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತ ನೌಕರಿ ಕಳೆದವನು ನಾನು. ಹೀಗಾಗಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಭೋಸರಿ, ನಿಗಡಿ, ಚಾಕಣದಲ್ಲಿ ನೆಲೆ ನಿಂತ ನಮ್ಮ ಮಂದಿ ಜಾಗ ನೋಡಿದಾಗಲೆಲ್ಲ ಒಂದು ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಇಲ್ಲಿ ಬರೆಯುತ್ತಿರುವುದು ಮುದ್ದೇಬಿಹಾಳ ತಾಲೂಕಿನ ಒಬ್ಬ ಹುಡುಗನ ಪ್ರಕರಣ. ಅವನು ಭೋಸರಿಯಲ್ಲಿ ಬಾಡಿಗೆಗೆ ಇದ್ದಾನೆ, ಚಾಕಣದ ಒಂದು ಕಾರ್ಖಾನೆಯಲ್ಲಿ ಕಾಯಂ ಕೆಲಸ.

ಅವನ ಮುಂದೆ ಮೂರು ಜಾಗಗಳಿದ್ದವು. ಮೊದಲನೆಯದು ಚಾಕಣದ ಆಚೆ, ಹೊಲವನ್ನು ತುಂಡು ಮಾಡಿ ಮಾರುತ್ತಿದ್ದ ಒಂದು ಪ್ಲಾಟು. ಎಜೆಂಟ ಹೇಳಿದ್ದು ಎರಡು ಗುಂಟೆ, ಗುಂಟೆಗೆ 8.5 ಲಕ್ಷ, ಒಟ್ಟು 17 ಲಕ್ಷ. ಎರಡನೆಯದು ಅಲ್ಲಿಂದ ಇನ್ನೂ ಸ್ವಲ್ಪ ದೂರದಲ್ಲಿ, ಬಿನ್‌ಶೇತಿ, ಅಂದರೆ ಕೃಷಿಯೇತರ ಆಗಿ ಲೇಔಟ್ ಮಂಜೂರಾದ ಜಾಗ. ಇದಕ್ಕೆ ಇಲ್ಲಿ ಎಲ್ಲರೂ ಎನ್‌ಎ ಪ್ಲಾಟ್ ಅನ್ನುತ್ತಾರೆ. 30×50 ಅಡಿ, ಚದರಡಿಗೆ 1,050 ರೂಪಾಯಿ. ಮೂರನೆಯದು ಊರಿನಲ್ಲಿ. ಇವರ ಹೊಲಕ್ಕೆ ಹತ್ತಿದ ಇನ್ನೊಬ್ಬರ ಹೊಲ ಮಾರಾಟಕ್ಕೆ ಬಂದಿದೆ ಎಂದು ಅಣ್ಣ ಪಹಣಿಯ ಫೋಟೊ ಕಳಿಸಿದ್ದ. ಎಕರೆಗೆ 16 ಲಕ್ಷ.

"ಕಾಕಾ, ಒಂದು ಗುಂಟೆದಾಗ ಐತಿ, ಒಂದು ಚದರಡಿದಾಗ, ಒಂದು ಎಕರೆದಾಗ. ಮೂರೂ ಒಂದ ತಕ್ಕಡಿಗೆ ಹಾಕಿ ಕೊಡ್ರಿ. ಯಾವುದು ಸೋವಿ ಅನ್ನೂದು ನಾ ನೋಡ್ಕೋತೀನಿ" ಎಂದ. ಕೇಳಿದ್ದು ಸರಿಯಾಗಿಯೇ ಇತ್ತು. ಅವನ ಮನಸ್ಸು ಆಗಲೇ ಚಾಕಣದ ಎರಡು ಗುಂಟೆಯ ಕಡೆ ವಾಲಿದೆ ಎಂಬುದೂ ಗೊತ್ತಾಗುತ್ತಿತ್ತು. ಹೊಸ ಕಂಪನಿ ಬಸ್ಸು ಅಲ್ಲೇ ಹಾದು ಹೋಗುತ್ತದಂತೆ.

ಮೊದಲು ಮೂಲ ಅಳತೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಅಂದರೆ 1,089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ 43,560 ಚದರ ಅಡಿ, ಅದು ಒಂದು ಎಕರೆ. ಈ 33 ಎಲ್ಲಿಂದ ಬಂತು ಎಂದರೆ ಹಳೆಯ ಸರ್ವೆ ಸರಪಳಿಯಿಂದ. ಇಂಗ್ಲಿಷರ ಸರಪಳಿ 66 ಅಡಿ, ಅದರ ಅರ್ಧ 33. ಅರ್ಧ ಸರಪಳಿಯನ್ನು ನಾಲ್ಕೂ ಕಡೆ ಎಳೆದರೆ ಒಂದು ಗುಂಟೆ. ಗುಂಟೆಯ ಹದಿನಾರನೇ ಒಂದು ಭಾಗ ಆಣೆ, 68 ಚದರ ಅಡಿಗೆ ಚೂರು ಮೇಲೆ. ನೆಲದ ಮೇಲೆ ನೋಡಿದರೆ 33 ಅಡಿ ಉದ್ದಕ್ಕೆ ಎರಡು ಅಡಿ ಮುಕ್ಕಾಲು ಇಂಚು ಅಗಲದ ಪಟ್ಟಿ. ಮನೆ ಕಟ್ಟುವವರಿಗೆ ಆಣೆ ಬೇಡವೆನಿಸಬಹುದು, ಆದರೆ ಗುಂಟೆಗೆ ಎಂಟೊಂಬತ್ತು ಲಕ್ಷ ಇರುವಲ್ಲಿ ಆ ಪಟ್ಟಿಯೇ ಅರ್ಧ ಲಕ್ಷದ ಮೇಲೆ ಬೀಳುತ್ತದೆ.

ಹುಡುಗ ತಂದ ಚೀಟಿಯಲ್ಲಿ ಎಜೆಂಟ ಪ್ಲಾಟಿನ ಚಿತ್ರ ಬರೆದುಕೊಟ್ಟಿದ್ದ. ಮುಂದಿನ ಬದಿ 40, ಬಲಕ್ಕೆ 50, ಹಿಂದೆ 36, ಎಡಕ್ಕೆ 52 ಅಡಿ. ಕೆಳಗೆ 40×50 ಎಂದು ಬರೆದು, ಪಕ್ಕದಲ್ಲಿ ದೊಡ್ಡದಾಗಿ "2 ಗುಂ."

40×50 ಎಂದರೆ 2,000 ಚದರ ಅಡಿ. 1,089ರಿಂದ ಭಾಗಿಸಿದರೆ 1.84 ಗುಂಟೆಯೂ ಆಗುವುದಿಲ್ಲ. ಇದು ಎಜೆಂಟನ ಕಿಡಿಗೇಡಿತನ ಎಂದು ಒಮ್ಮೆಲೇ ತೀರ್ಮಾನಿಸಬೇಕಾಗಿಲ್ಲ. ಪುಣೆಯ ಸುತ್ತ ಪ್ಲಾಟಿನ ವ್ಯವಹಾರದಲ್ಲಿ ಸಾವಿರ ಚದರಡಿಯನ್ನೇ ಗುಂಟೆ ಎಂದು ಎಣಿಸುವ ರೂಢಿ ಇದೆ, ಬಾಯಿಲೆಕ್ಕಕ್ಕೆ ಸುಲಭ. ಅದು ಸಾಲದೆಂಬಂತೆ ಮೂರನೆಯ ಎಣಿಕೆಯೂ ಒಂದಿದೆ. ನಮ್ಮ ಪಹಣಿಯಂಥ ಮಹಾರಾಷ್ಟ್ರದ ಕಾಗದ ಸಾತಬಾರಾ, ಅದರಲ್ಲಿ ಗುಂಟೆ ಇಲ್ಲವೇ ಇಲ್ಲ. ಅಲ್ಲಿ ಕ್ಷೇತ್ರ ಬರೆಯುವುದು ಹೆಕ್ಟೇರ್, ಆರ್, ಚದರ ಮೀಟರಿನಲ್ಲಿ. ಒಂದು ಆರ್ ಎಂದರೆ 100 ಚದರ ಮೀಟರ್, ಅಂದರೆ 1,076.4 ಚದರ ಅಡಿ. ಗುಂಟೆಗಿಂತ ಹನ್ನೆರಡೂವರೆ ಚದರಡಿ ಕಡಿಮೆ. ಹತ್ತಿರದ ಲೆಕ್ಕ ಆದದ್ದರಿಂದ ಹಳ್ಳಿಯವರು ಆರ್‌ಗೂ ಗುಂಟೆ ಎಂದೇ ಹೇಳುತ್ತಾರೆ. ಹೀಗಾಗಿ ಒಂದೇ ವ್ಯವಹಾರದಲ್ಲಿ "ಎರಡು ಗುಂಟೆ" ಎಂಬುದು ಎಜೆಂಟನ ಬಾಯಲ್ಲಿ 2,000, ಖರೀದಿಪತ್ರದಲ್ಲಿ 2,153, ನಮ್ಮ ಲೆಕ್ಕದಲ್ಲಿ 2,178 ಚದರ ಅಡಿ ಆಗಿ ಕೂತಿರುತ್ತದೆ. ಮೂವರಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ, ದುಡ್ಡು ಕೊಡುವವನು ಮಾತ್ರ ಯಾವ ಗುಂಟೆಗೆ ಕೊಡುತ್ತಿದ್ದೇನೆ ಎಂದು ಕೇಳಿರುವುದಿಲ್ಲ.

ಚೀಟಿಯ ಇನ್ನೊಂದು ಕೊರತೆ ನನಗೆ ಇದಕ್ಕಿಂತ ಹೆಚ್ಚು ಚಿಂತೆಯದಾಗಿತ್ತು. ನಾಲ್ಕು ಬದಿಗಳ ಅಳತೆ ಇದೆ, ಕರ್ಣ ಎಲ್ಲೂ ಇಲ್ಲ.

ಎದುರುಬದುರು ಬದಿಗಳು ಸಮ ಇಲ್ಲದಾಗ ಸಾಮಾನ್ಯವಾಗಿ ಮಾಡುವುದು ಸರಾಸರಿಯ ಲೆಕ್ಕ. ಮುಂದು ಹಿಂದು ಸೇರಿಸಿ ಅರ್ಧ ಮಾಡಿದರೆ 38, ಎಡಬಲ ಸೇರಿಸಿ ಅರ್ಧ ಮಾಡಿದರೆ 51, ಗುಣಿಸಿದರೆ 1,938 ಚದರ ಅಡಿ. ಎಷ್ಟೋ ಕಡೆ ಇದನ್ನೇ ಅಂತಿಮ ಎಂದು ಬರೆದುಬಿಡುತ್ತಾರೆ. ಆದರೆ ನಾಲ್ಕು ಬದಿಗಳ ಉದ್ದ ಗೊತ್ತಿದ್ದ ಮಾತ್ರಕ್ಕೆ ಕ್ಷೇತ್ರ ಗೊತ್ತಾಗುವುದಿಲ್ಲ. ಕೀಲು ಸಡಿಲಾದ ಹೊರಸನ್ನು ಒಂದು ಕಡೆಗೆ ವಾಲಿಸಿ ನೋಡಿ, ನಾಲ್ಕೂ ಪಟ್ಟಿಗಳ ಉದ್ದ ಅಷ್ಟೇ ಇರುತ್ತದೆ, ಒಳಗಿನ ಜಾಗ ಮಾತ್ರ ಕುಗ್ಗುತ್ತದೆ. 40, 50, 36, 52 ಅಡಿಯ ನಾಲ್ಕು ಬದಿಗಳನ್ನು ಎಷ್ಟೇ ಹಿಗ್ಗಿಸಿ ನಿಲ್ಲಿಸಿದರೂ ಒಳಗೆ 1,936 ಚದರಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅಂದರೆ ಸರಾಸರಿ ಲೆಕ್ಕದ 1,938 ಈ ಪ್ಲಾಟಿಗೆ ಸಾಧ್ಯವೇ ಇಲ್ಲದ ಸಂಖ್ಯೆ. ಈ ಪದ್ಧತಿ ತಪ್ಪಿದಾಗಲೆಲ್ಲ ಹೆಚ್ಚಿನ ಕಡೆಗೇ ತಪ್ಪುತ್ತದೆ, ಕಡಿಮೆ ತೋರಿಸುವುದು ಎಂದೂ ಇಲ್ಲ. ಮಾರುವವರಿಗೆ ಇದು ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ರಜೆಯ ದಿನ ಹುಡುಗನ ಜೊತೆ ಟೇಪು ಹಿಡಿದು ಹೋದೆ. ಕಬ್ಬಿಣದ ನಾಲ್ಕು ಗೂಟ ನೆಟ್ಟಿದ್ದರು, ಅಷ್ಟು ಒಳ್ಳೆಯದು. ಕಲ್ಲು ಇಟ್ಟಲ್ಲಿ ಕಲ್ಲಿನ ಯಾವ ಅಂಚು ಎಂಬ ವಾದವೇ ಅರ್ಧ ಅಡಿ ತಿಂದುಬಿಡುತ್ತದೆ. ಟೇಪು ಜೋಲದಂತೆ ಬಿಗಿಯಾಗಿ, ನೆಲದ ಇಳಿಜಾರಿಗೆ ತಾಗಿಸದೆ ಸಮಮಟ್ಟದಲ್ಲಿ ಹಿಡಿಯಬೇಕು. ಇಳಿಜಾರಿನ ಉದ್ದ ಯಾವಾಗಲೂ ಹೆಚ್ಚಾಗಿ ಬರುತ್ತದೆ, ಮನೆ ಕಟ್ಟಲು ಸಿಗುವುದು ಸಮಮಟ್ಟದ್ದು ಮಾತ್ರ. ಇಂಚು ಬಂದಲ್ಲಿ ಇನ್ನೊಂದು ಎಚ್ಚರ ಬೇಕು. 70 ಅಡಿ 3 ಇಂಚು ಎಂಬುದನ್ನು ಕ್ಯಾಲ್ಕುಲೇಟರಿಗೆ 70.3 ಎಂದು ಒತ್ತಬಾರದು, ಅದು 70.25. 6 ಇಂಚು .6 ಅಲ್ಲ, .5.

ನಾಲ್ಕು ಬದಿಗಳು ಚೀಟಿಯಲ್ಲಿದ್ದಂತೆಯೇ ಬಂದವು. ಆ ಮಟ್ಟಿಗೆ ಎಜೆಂಟ ಪ್ರಾಮಾಣಿಕ. ಆಮೇಲೆ ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ಟೇಪು ಎಳೆದೆವು. 56 ಅಡಿ. 40×50ರ ಪ್ಲಾಟು ನೆಟ್ಟಗೆ ನಿಂತಿದ್ದರೆ ಈ ಕರ್ಣ 64 ಅಡಿ ಇರಬೇಕಿತ್ತು. ಇನ್ನೊಂದು ಕರ್ಣ 70 ಅಡಿ ಮೂರೂವರೆ ಇಂಚು. ಎರಡು ಕರ್ಣಗಳ ನಡುವೆ ಹದಿನಾಲ್ಕು ಅಡಿಗೂ ಹೆಚ್ಚಿನ ಅಂತರವಿದ್ದರೆ ಲೆಕ್ಕ ಮಾಡುವ ಮೊದಲೇ ಗೊತ್ತಾಗುತ್ತದೆ, ಜಾಗ ಚೆನ್ನಾಗಿ ವಾಲಿದೆ. ಮುಂದಿನ ದಾರಿ ಓರೆಯಾಗಿ ಹಾದು ಹೋಗಿದ್ದೇ ಅದಕ್ಕೆ ಕಾರಣ. ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಬಯಲಿನಲ್ಲಿ ಗೋಡೆ, ಬೇಲಿ ಏನೂ ಇಲ್ಲದಾಗ 76 ಡಿಗ್ರಿಯ ಮೂಲೆಯೂ 90ರಂತೆಯೇ ಕಾಣುತ್ತದೆ.

ಒಂದು ಕರ್ಣ ಸಿಕ್ಕರೆ ಪ್ಲಾಟು ಎರಡು ತ್ರಿಕೋನ ಆಗುತ್ತದೆ. ಮೂರು ಬದಿ ಗೊತ್ತಿರುವ ತ್ರಿಕೋನದ ಕ್ಷೇತ್ರಕ್ಕೆ ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು:

```
s = (a + b + c) / 2
A = √( s × (s−a) × (s−b) × (s−c) )

40, 50, 56 : s = 73, A = √(73 × 33 × 23 × 17) = 970.5
56, 36, 52 : s = 72, A = √(72 × 16 × 36 × 20) = 910.7
```

ಎರಡೂ ಸೇರಿ 1,881 ಚದರ ಅಡಿ. ಎರಡನೇ ಕರ್ಣ ಹಿಡಿದು ಬೇರೆ ಎರಡು ತ್ರಿಕೋನ ಮಾಡಿ ನೋಡಿದರೂ 1,881ರ ಆಸುಪಾಸೇ ಬಂತು. ಎರಡನೇ ಕರ್ಣವನ್ನು ಅಳೆಯುವುದು ಇದಕ್ಕಾಗಿ. ಎರಡು ಉತ್ತರಗಳು ಹೊಂದದಿದ್ದರೆ ಎಲ್ಲೋ ಒಂದು ಅಳತೆ ತಪ್ಪಿದೆ ಎಂದರ್ಥ, ಆಗ ಲೆಕ್ಕ ಬಿಟ್ಟು ಮತ್ತೆ ಟೇಪು ಹಿಡಿಯಬೇಕು.

1,881ನ್ನು 1,089ರಿಂದ ಭಾಗಿಸಿದರೆ 1.73 ಗುಂಟೆ. ಊರಿನ ಲೆಕ್ಕದಲ್ಲಿ ಒಂದು ಗುಂಟೆ ಹನ್ನೊಂದೂವರೆ ಆಣೆ. ಎಕರೆಯಲ್ಲಿ 0.0432, ಅಂದರೆ ಇಂಥ 23 ಪ್ಲಾಟು ಸೇರಿದರೆ ಒಂದು ಎಕರೆ. ಮಾತಿನ ಎರಡು ಗುಂಟೆಗೂ ನೆಲದ ಮೇಲಿನ ಜಾಗಕ್ಕೂ ನಡುವೆ 297 ಚದರ ಅಡಿ ಕಾಣೆ. ಸಾವಿರವನ್ನು ಗುಂಟೆ ಎಂದದ್ದಕ್ಕೆ 178, ಬದಿಗಳು ಸಮ ಇಲ್ಲದ್ದಕ್ಕೆ 62, ವಾಲಿದ್ದಕ್ಕೆ 57 ಹೋಗಿತ್ತು. ಗುಂಟೆಗೆ 8.5 ಲಕ್ಷದಂತೆ ಆ 297ರ ಬೆಲೆ 2 ಲಕ್ಷ 32 ಸಾವಿರ.

ಹುಡುಗನಿಗೆ ಸಿಟ್ಟು ಬಂತು. ಎಜೆಂಟನಿಗೆ ಅಲ್ಲಿಂದಲೇ ಫೋನ್ ಹಚ್ಚಿದ. ಅವನು ಮೋಟರ್ ಸೈಕಲ್ ಹತ್ತಿ ಬಂದ, ಸ್ವಲ್ಪವೂ ಗಲಿಬಿಲಿ ಆಗಲಿಲ್ಲ. "ರಸ್ತಾ ಧರೂನ್ ದೋನ್ ಗುಂಠೆ, ದಾದಾ" ಎಂದ. ರಸ್ತೆ ಹಿಡಿದು ಎರಡು ಗುಂಟೆ.

ಪ್ಲಾಟಿನ ಮುಂದೆ 15 ಅಡಿ ರಸ್ತೆ ಬಿಟ್ಟಿದ್ದರು. ಅದರ ಅರ್ಧ, ಏಳೂವರೆ ಅಡಿ, ಈ ಬದಿಯವನ ಲೆಕ್ಕಕ್ಕೆ, ಉಳಿದ ಅರ್ಧ ಎದುರಿನವನ ಲೆಕ್ಕಕ್ಕೆ. 40 ಅಡಿ ಮುಂಬದಿಗೆ ಏಳೂವರೆ ಅಡಿ ಗುಣಿಸಿದರೆ 300 ಚದರ ಅಡಿ. 1,881ಕ್ಕೆ 300 ಕೂಡಿಸಿದರೆ 2,181. ಎರಡು ಗುಂಟೆಗೆ ಮೂರು ಚದರಡಿ ಹೆಚ್ಚೇ!

ಇದನ್ನು ಕೇಳಿ ಹುಡುಗ ಸುಮ್ಮನಾದ, ಎಜೆಂಟ ನನ್ನ ಕಡೆ ನೋಡಿ ನಕ್ಕ. ಚೀಟಿಯಲ್ಲಿ 40×50 ಎಂದು ಬರೆದವನಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು ಎಂದು ನನಗೆ ಅನ್ನಿಸಲಿಲ್ಲ, ಆದರೆ ಮಾಲಕನಿಗೆ ಗೊತ್ತಿತ್ತು. ಅದೇನೇ ಇರಲಿ, ರಸ್ತೆ ಹಿಡಿದು ಮಾರುವುದು ಈ ಭಾಗದಲ್ಲಿ ಸಾಮಾನ್ಯ, ಅದನ್ನು ಮೋಸ ಎನ್ನಲಾಗದು. ಆದರೆ ಹಾಗೆ ಮಾರಿದಾಗ ದರದ ಅರ್ಥವೇ ಬದಲಾಗುತ್ತದೆ. ಮಾಲಕ ರಸ್ತೆಯನ್ನೂ ಗುಂಟೆಗೆ 8.5 ಲಕ್ಷದಂತೆ ಮಾರಿಕೊಂಡ ಹಾಗಾಯಿತು. ಅವನ ಎಕರೆಯ ನಲವತ್ತೂ ಗುಂಟೆಗೆ ದುಡ್ಡು ಬರುತ್ತದೆ, ಎಕರೆಗೆ 3 ಕೋಟಿ 40 ಲಕ್ಷ. ಮಂಜೂರಾದ ಲೇಔಟಿನಲ್ಲಿ ಹಾಗಲ್ಲ. ಅಲ್ಲಿ ರಸ್ತೆ, ತೆರೆದ ಜಾಗ ಬಿಟ್ಟು ಉಳಿದದ್ದನ್ನು ಮಾತ್ರ ಪ್ಲಾಟು ಮಾಡಿ ಮಾರುತ್ತಾರೆ. ಬಿಟ್ಟದ್ದರ ಬೆಲೆಯನ್ನು ದರದಲ್ಲಿ ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ಒಂದರ ಗುಂಟೆ ದರವನ್ನೂ ಇನ್ನೊಂದರ ಚದರಡಿ ದರವನ್ನೂ ಹಾಗೇ ಪಕ್ಕದಲ್ಲಿಟ್ಟರೆ ಲೇಔಟು ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

ಹುಡುಗನ ಮನಸ್ಸಿನಲ್ಲಿ ಕೂತಿದ್ದ ಹೋಲಿಕೆಯೂ ಇದೇ ಆಗಿತ್ತು. 17 ಲಕ್ಷವನ್ನು 2,178ರಿಂದ ಭಾಗಿಸಿ ಚದರಡಿಗೆ 780 ರೂಪಾಯಿ ಎಂದು ಅವನೇ ತೆಗೆದಿಟ್ಟಿದ್ದ. 780 ಎಲ್ಲಿ, 1,050 ಎಲ್ಲಿ. ಆದರೆ ಗೋಡೆ ಕಟ್ಟಿಕೊಂಡು ತನ್ನದು ಎನ್ನಬಹುದಾದ ಜಾಗ 1,881 ಮಾತ್ರ. ಅದರಿಂದ ಭಾಗಿಸಿದರೆ ಚದರಡಿಗೆ 904, ಗುಂಟೆಗೆ 9 ಲಕ್ಷ 84 ಸಾವಿರ. ಎನ್‌ಎ ಪ್ಲಾಟು 1,500 ಚದರ ಅಡಿ, ಅಂದರೆ ಒಂದು ಗುಂಟೆ ಆರು ಆಣೆ. ಚದರಡಿಗೆ 1,050 ಎಂದರೆ ಗುಂಟೆಗೆ 11 ಲಕ್ಷ 43 ಸಾವಿರ. ಇಡೀ ಪ್ಲಾಟಿಗೆ 15 ಲಕ್ಷ 75 ಸಾವಿರ. ನಡುವಿನ ಅಂತರ 270 ರೂಪಾಯಿಯಿಂದ 146ಕ್ಕೆ ಇಳಿಯಿತು. ಆ 146 ರೂಪಾಯಿಗೆ ಏನು ಸಿಗುತ್ತದೆ ಎಂದು ಕೇಳುವುದು ಆಗ ಸಾಧ್ಯವಾಯಿತು.

ಅದನ್ನು ನೋಡಲು ಸಾತಬಾರಾ ತರಿಸಿದೆವು. ಚಾಕಣದ ಆ ಹೊಲದ ಕ್ಷೇತ್ರ 0.81.00 ಎಂದಿತ್ತು. ಸೊನ್ನೆ ಹೆಕ್ಟೇರ್, 81 ಆರ್. ಅಂದರೆ 8,100 ಚದರ ಮೀಟರ್, ಗುಂಟೆಯಲ್ಲಿ 80, ಸರಿಯಾಗಿ ಎರಡು ಎಕರೆ. ಖರೀದಿದಾರರ ಹೆಸರುಗಳು ಒಂದರ ಕೆಳಗೊಂದು ಸಾಮಾಯಿಕವಾಗಿ, ಅಂದರೆ ಜಂಟಿಯಾಗಿ ಸೇರುತ್ತ ಬಂದಿದ್ದವು, ಪ್ರತಿಯೊಬ್ಬರ ಮುಂದೆ 0.02.00. ಎರಡು ಆರ್ ಎಂದರೆ 200 ಚದರ ಮೀಟರ್. ನಾವು ಅಳೆದ ಗೂಟಗಳ ನಡುವಿನ ಜಾಗ ಸುಮಾರು 175 ಚದರ ಮೀಟರ್. ಪತ್ರದಲ್ಲಿ ಹೆಚ್ಚಿದೆಯಲ್ಲ, ಒಳ್ಳೆಯದೇ ಎಂದು ಹುಡುಗ ಅಂದುಕೊಂಡ. ಪತ್ರದಲ್ಲಿರುವುದು 81 ಆರ್‌ನಲ್ಲಿ ಎರಡು ಆರ್‌ನ ಪಾಲು ಮಾತ್ರ. ಆ ಪಾಲು ಯಾವ ನಾಲ್ಕು ಗೂಟಗಳ ನಡುವೆ ಇದೆ ಎಂಬುದು ಸಾತಬಾರಾದಲ್ಲಿ ಎಲ್ಲೂ ಇಲ್ಲ. ಅದನ್ನು ಹೇಳುವುದು ಎಜೆಂಟನ ಚೀಟಿ ಒಂದೇ. ಸರ್ಕಾರಿ ಮೋಜಣಿ ಆಗಿ, ಭೂಮಿ ಅಭಿಲೇಖ ಕಚೇರಿಯ "ಕ ಪ್ರತ್" ನಕ್ಷೆ ಕೈಯಲ್ಲಿದ್ದರೆ ಮಾತು ಬೇರೆ. ಇಲ್ಲಿ ಒಳಗಿನ ಪ್ಲಾಟುಗಳಿಗೆ ಅದು ಆಗಿರಲಿಲ್ಲ.

ಗುಂಟೆ ಮತ್ತು ಆರ್ ನಡುವಿನ ಸಣ್ಣ ವ್ಯತ್ಯಾಸ ಎಲ್ಲಿ ಸೇರುತ್ತದೆ ಎಂಬುದೂ ಈ ಸಾತಬಾರಾದಲ್ಲಿ ಕಾಣುತ್ತಿತ್ತು. ಎರಡು ಗುಂಟೆ ಎಂದರೆ 202.3 ಚದರ ಮೀಟರ್, ಪತ್ರಕ್ಕೆ ಬರುವುದು 200. ಒಬ್ಬನಿಗೆ ಅದು ಲೆಕ್ಕಕ್ಕಿಲ್ಲದ ಎರಡು ಮೀಟರ್. ಆದರೆ ನಲವತ್ತು ಜನರಿಗೆ ಎರಡೆರಡು ಆರ್ ಬರೆದುಕೊಟ್ಟರೆ 80 ಆರ್ ಮುಗಿದು ಒಂದು ಆರ್ ಮಾಲಕನ ಹೆಸರಿನಲ್ಲೇ ಉಳಿಯುತ್ತದೆ. ಎಲ್ಲರಿಗೂ ಎರಡು ಗುಂಟೆ ಮಾರಿದ ಮೇಲೂ ಅವನ ಹತ್ತಿರ ಹೆಚ್ಚುಕಡಿಮೆ ಒಂದು ಗುಂಟೆ ಇದ್ದೇ ಇದೆ.

ಇದರ ಮೇಲೆ ತುಕಡೆಬಂದಿಯ ಪ್ರಶ್ನೆ. ಹೊಲವನ್ನು ಸಣ್ಣ ತುಂಡು ಮಾಡಿ ಮಾರುವುದನ್ನು ತಡೆಯುವ ಕಾನೂನು ಮಹಾರಾಷ್ಟ್ರದಲ್ಲಿ 1947ರಿಂದ ಇದೆ. 2023ರಲ್ಲಿ ಅಲ್ಲಿನ ಸರ್ಕಾರ ಕನಿಷ್ಠ ಪ್ರಮಾಣವನ್ನು ಒಣ ಬೇಸಾಯದ ಜಮೀನಿಗೆ 20 ಗುಂಟೆ, ನೀರಾವರಿಗೆ 10 ಗುಂಟೆ ಎಂದು ಇಳಿಸಿತು. ವಸತಿ ವಲಯಗಳಿಗೆ ಆಮೇಲೆ ಸಡಿಲಿಕೆಗಳು ಬಂದಿವೆ. ನೀವು ನೋಡಿದ ಸರ್ವೆ ನಂಬರು ಯಾವುದರಲ್ಲಿ ಬೀಳುತ್ತದೆ ಎಂಬುದನ್ನು ಖರೀದಿಯ ಮುನ್ನ ವಕೀಲರ ಮೂಲಕ ಖಚಿತ ಮಾಡಿಕೊಳ್ಳಬೇಕು, ಎಜೆಂಟನ ಭರವಸೆ ಸಾಲದು. ಹುಡುಗನಿಗೆ ಸಾಲ ಕೊಡಬೇಕಿದ್ದ ಬ್ಯಾಂಕಿನವರು ಕೇಳಿದ್ದು ಇಷ್ಟೇ: ಎನ್‌ಎ ಆದೇಶ ಮತ್ತು ಮಂಜೂರಾದ ಲೇಔಟ್ ನಕ್ಷೆ. ಸಾಮಾಯಿಕ ಸಾತಬಾರಾದ ಮೇಲೆ ಅವರು ಸಾಲ ಕೊಡಲು ಒಪ್ಪಲಿಲ್ಲ.

ಇನ್ನು ಊರಿನ ಹೊಲ. ನಿಜ ಹೇಳಬೇಕೆಂದರೆ ಈ ಪ್ರಕರಣದಲ್ಲಿ ಅತಿ ದೊಡ್ಡ ಎಡವಟ್ಟು ಅಡಗಿದ್ದುದು ಇಲ್ಲಿ, ಅದೂ ಗುಣಾಕಾರ ಭಾಗಾಕಾರ ಏನೂ ಬೇಡದ ಕಡೆ. ಅಣ್ಣ ಕಳಿಸಿದ ಪಹಣಿಯಲ್ಲಿ ವಿಸ್ತೀರ್ಣ 1.20 ಎಂದು ಶುರುವಾಗಿತ್ತು. ಹುಡುಗ 1.2ನ್ನು 16 ಲಕ್ಷಕ್ಕೆ ಗುಣಿಸಿ 19 ಲಕ್ಷ 20 ಸಾವಿರ ಎಂದು ಬರೆದುಕೊಂಡಿದ್ದ. 17 ಲಕ್ಷಕ್ಕೆ ಎರಡು ಲಕ್ಷ ಜೋಡಿಸಿದರೆ ಒಂದು ಎಕರೆಗಿಂತ ಹೆಚ್ಚು ಹೊಲ, ಪ್ಲಾಟು ಯಾಕೆ ಬೇಕು ಎಂದು ಮನೆಯಲ್ಲಿ ಚರ್ಚೆಯೂ ನಡೆದಿತ್ತಂತೆ.

ಕರ್ನಾಟಕದ ಪಹಣಿಯಲ್ಲಿ ಎಕರೆಯ ಮುಂದಿನ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ. ಅದರ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ, ಅದರ ಮುಂದೆ ಆಣೆ. 1.20 ಎಂದರೆ ಒಂದು ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. 16 ಲಕ್ಷದಂತೆ 24 ಲಕ್ಷ. ಹುಡುಗನ ಲೆಕ್ಕಕ್ಕೂ ಇದಕ್ಕೂ 4 ಲಕ್ಷ 80 ಸಾವಿರದ ಅಂತರ.

ಊರಲ್ಲಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು ಎನ್ನಬಹುದು. ಅಣ್ಣನಿಗೆ ಗೊತ್ತಿತ್ತು, ಎಷ್ಟು ಸಹಜವಾಗಿ ಎಂದರೆ ಬಿಡಿಸಿ ಹೇಳಬೇಕು ಅನ್ನಿಸಿರಲೇ ಇಲ್ಲ. ಪುಣೆಯಲ್ಲಿ ಇರುವವರ ಕಣ್ಣಿಗೆ ಸಾತಬಾರಾ ರೂಢಿಯಾಗಿಬಿಟ್ಟಿರುತ್ತದೆ. ಅಲ್ಲಿ ಒಂದು ಹೆಕ್ಟೇರಿಗೆ ಸರಿಯಾಗಿ 100 ಆರ್. ಆದ್ದರಿಂದ ಸಾತಬಾರಾದ 1.20ನ್ನು 1.2 ಹೆಕ್ಟೇರ್ ಎಂದು ಗುಣಿಸಿದರೆ ಏನೂ ತಪ್ಪಾಗುವುದಿಲ್ಲ. ಪಹಣಿಯಲ್ಲಿ ಎಕರೆಗೆ 40 ಗುಂಟೆ, ಅಲ್ಲಿ ಅದೇ ಅಭ್ಯಾಸ ಕೈಕೊಡುತ್ತದೆ. ಎರಡು ರಾಜ್ಯದ ಕಾಗದದಲ್ಲೂ 1.20 ಎಂದೇ ಇರುತ್ತದೆ. ಒಂದು ಕಡೆ ಅದು 60 ಗುಂಟೆ, ಇನ್ನೊಂದು ಕಡೆ ಹತ್ತಿರ ಹತ್ತಿರ 119 ಗುಂಟೆ.

ಗುರುತಿಸಲು ಒಂದು ಸುಲಭದ ದಾರಿ ಇದೆ. ಎಕರೆ ಗುಂಟೆಯ ಬರಹದಲ್ಲಿ ಚುಕ್ಕೆಯ ಮುಂದಿನ ಅಂಕಿ 39 ದಾಟುವುದಿಲ್ಲ, 40 ಆದರೆ ಅದು ಇನ್ನೊಂದು ಎಕರೆ. ದಲ್ಲಾಳಿಯ ಸಂದೇಶದಲ್ಲಿ 1.45 ಎಕರೆ ಎಂದು ಬಂದರೆ ಅವನು ದಶಮಾಂಶದಲ್ಲಿ ಬರೆದಿದ್ದಾನೆ, ಅದು ಒಂದು ಎಕರೆ 18 ಗುಂಟೆ. ಅಂಕಿ 39ರ ಒಳಗಿದ್ದರೆ ಮಾತ್ರ ಕಷ್ಟ, ಎರಡೂ ಅರ್ಥ ಸಾಧ್ಯ. ಆಗ ಒಟ್ಟು ಎಷ್ಟು ಗುಂಟೆ ಎಂದು ಬಾಯಿಬಿಟ್ಟು ಕೇಳುವುದೇ ಸರಿ. ಬರೀ ಗುಂಟೆಯಲ್ಲಿ ಹೇಳಿದ ಸಂಖ್ಯೆಯಲ್ಲಿ ಚುಕ್ಕೆಯ ಈ ಗೊಂದಲ ಇರುವುದಿಲ್ಲ.

24 ಲಕ್ಷ ಎಂದು ಗೊತ್ತಾದ ಕೂಡಲೇ ಊರಿನ ಹೊಲ ಪಟ್ಟಿಯಿಂದ ಬಿದ್ದುಹೋಯಿತು. ಅಷ್ಟು ದುಡ್ಡು ಅವನಲ್ಲಿ ಇರಲಿಲ್ಲ, ಹೊಲಕ್ಕೆ ಗೃಹಸಾಲವೂ ಸಿಗುವುದಿಲ್ಲ.

ಉಳಿದದ್ದು ಎರಡು. ಚಾಕಣದ ಎಜೆಂಟನಿಗೆ ನಾವು ಒಂದು ಮಾತು ಕೇಳಿದೆವು. ರಸ್ತೆ ಬಿಟ್ಟು, ಗೂಟದ ಒಳಗಿನ 1,881 ಚದರಡಿಗೆ ಗುಂಟೆಗೆ 8.5 ಲಕ್ಷದಂತೆ ಕೊಡುತ್ತೀಯಾ? ಅದು 14 ಲಕ್ಷ 68 ಸಾವಿರ ಆಗುತ್ತಿತ್ತು. ಮಾಲಕನ ಜೊತೆ ಮಾತಾಡಿ 16 ಲಕ್ಷಕ್ಕೆ ಇಳಿದ. 16 ಲಕ್ಷ ಎಂದರೆ ಚದರಡಿಗೆ 851. ದರದ ಮಟ್ಟಿಗೆ ಅದು ಕೆಟ್ಟದ್ದೇನಲ್ಲ, ಆ ಭಾಗದಲ್ಲಿ ಕೈಯಲ್ಲಿ ನಗದು ಇದ್ದವನು, ಸಾಮಾಯಿಕದ ತೊಡಕು ತಿಳಿದೂ ತಾಳಿಕೊಳ್ಳುವವನು ತಗೊಂಡಾನು ಎಂದೇ ನಾನು ಹುಡುಗನಿಗೆ ಹೇಳಿದೆ. ಇವನಿಗೆ ಸಾಲ ಬೇಕಿತ್ತು, ಮತ್ತು ಎರಡು ವರ್ಷದೊಳಗೆ ಮನೆ ಕಟ್ಟಬೇಕಿತ್ತು. ವಾಲಿದ ಪ್ಲಾಟಿನಲ್ಲಿ ಚೌಕ ಕೋಣೆಗಳ ಮನೆ ಕೂರಿಸಿದರೆ 76 ಡಿಗ್ರಿಯ ಎರಡು ಮೂಲೆಗಳು ಹೇಗೂ ವ್ಯರ್ಥ. ಅಲ್ಲಿ ಉಪಯೋಗಕ್ಕೆ ಬರುವುದನ್ನು ನಕ್ಷೆ ಹಾಕಿ ನೋಡಿದೆ, 1,500ರ ನೆಟ್ಟನೆಯ ಪ್ಲಾಟಿಗಿಂತ ಬಹಳವೇನೂ ಹೆಚ್ಚಿರಲಿಲ್ಲ.

ಎನ್‌ಎ ಪ್ಲಾಟಿಗೂ ಟೇಪು ಹಿಡಿಯದೆ ಟೋಕನ್ ಕೊಡಬೇಡ ಎಂದಿದ್ದೆ. ಮಂಜೂರಾದ ನಕ್ಷೆಯಲ್ಲಿ 139.35 ಚದರ ಮೀಟರ್ ಎಂದಿತ್ತು, 10.764ರಿಂದ ಗುಣಿಸಿದರೆ 1,500 ಚದರ ಅಡಿಗೆ ಸರಿಯಾಗಿ ಕೂರುತ್ತದೆ. ನೆಲದ ಮೇಲೆ ಕರ್ಣಗಳು ಎರಡೂ 58 ಅಡಿ 4 ಇಂಚಿನ ಹತ್ತಿರ ಬಂದವು, 30×50ಕ್ಕೆ ಬರಬೇಕಾದದ್ದೇ ಅಷ್ಟು. ಹಿಂದಿನ ಬದಿ ಮಾತ್ರ 29 ಅಡಿ 10 ಇಂಚು. ಎರಡು ಇಂಚು ಒಂದೇ ಬದಿಯಲ್ಲಿ ಕಡಿಮೆ ಆದದ್ದಕ್ಕೆ ನಾಲ್ಕು ಚದರ ಅಡಿ ಹೋಯಿತು, ನಾಲ್ಕು ಸಾವಿರದ ಚಿಲ್ಲರೆ ರೂಪಾಯಿ. ಬಿಡು ಮಾರಾಯಾ, ಗೂಟ ನೆಡುವಾಗ ಆಗುವ ವ್ಯತ್ಯಾಸ ಅದು ಎಂದೆ. "ಬಿಡೂದಿಲ್ಲ ಕಾಕಾ, ಈಗರ ಕಲ್ತೀನಿ" ಎಂದವನು ಲೇಔಟಿನವರ ಕಚೇರಿಯಲ್ಲಿ ಕೂತು, ಕಾಗದಪತ್ರದ ಖರ್ಚಿನಲ್ಲಿ ಅಷ್ಟನ್ನೂ ಮುರಿಸಿಕೊಂಡೇ ಎದ್ದ.